ನೆರಳಿಗೊಂದು ಹನಿ ನೀಲಿ

ನಮ್ಮ ಕೋಣೆಗೆ ಬಂದವರು ಮೊದಲು ಐದು ನಿಮಿಷ ಸುಮ್ಮನೆ ಕೂರಬೇಕು. ಅದು ಮಾವ ಮಾಡಿದ ಕಟ್ಟಳೆ. ಗೋಡೆ ಬೂದು, ಕಿಟಕಿಗೆ ಇಳಿಬಿಟ್ಟ ದಪ್ಪ ಬಟ್ಟೆ ಬೂದು, ಮೇಜಿನ ಹಾಸು ಬೂದು, ನಾವು ತೊಡುವ ಅಂಗಿಯೂ ಬೂದು. ಕೆಂಪು ಅಂಗಿ ತೊಟ್ಟು ಸ್ಕ್ರೀನ್ ಮುಂದೆ ಕೂತರೆ ಆ ಕೆಂಪು ಗಾಜಿನ ಮೇಲೆ ಬಿದ್ದು ಕಣ್ಣಿಗೆ ಸುಳ್ಳು ಹೇಳುತ್ತದೆ. ಹೊರಗಿನ ಬಿಸಿಲನ್ನು ಕಣ್ಣಿನಿಂದ ಇಳಿಸಿಕೊಳ್ಳುವ ಆ ಐದು ನಿಮಿಷಕ್ಕೆ ಮಾವ ಇಟ್ಟ ಹೆಸರು 'ಕಣ್ಣು ತೊಳೆಯೋ ಹೊತ್ತು'. ಆ ಹೊತ್ತಿನಲ್ಲಿ ಮಾತಿಲ್ಲ, ಫೋನಿಲ್ಲ. ಮೊದಮೊದಲು ನನಗೆ ನಿದ್ದೆ ಬರುತ್ತಿತ್ತು. ಹದಿನೆಂಟು ವರ್ಷದ ಮೇಲೆ ಈಗ ಅದು ನಿದ್ದೆಯೋ ಎಚ್ಚರವೋ ನನಗೇ ತಿಳಿಯದು. ಬೂದು ಗೋಡೆ ನಿಧಾನವಾಗಿ ಹಿಂದೆ ಸರಿದ ಹಾಗೆ, ನಾವಿಬ್ಬರೂ ಮೋಡದೊಳಗೆ ಕುರ್ಚಿ ಹಾಕಿಕೊಂಡು ಕೂತ ಹಾಗೆ ಇರುತ್ತದೆ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಫೋಟೋಗಳಲ್ಲಿ ಮನುಷ್ಯರ ಚರ್ಮದ ಬಣ್ಣ ಹದ ಮಾಡುವುದು ಅವರ ಕಸುಬು. ಊರಿನ ಫೋಟೋಗ್ರಾಫರುಗಳು ಬೆನ್ನ ಹಿಂದೆ ಅವರನ್ನು 'ತೊಗಲು ಮಾವ' ಎನ್ನುತ್ತಾರೆ, ಎದುರಿಗೆ 'ಯಜಮಾನ್ರೇ'. ನನ್ನನ್ನು ಮಾವ ಕರೆಯುವುದು 'ಚುಕ್ಕಿ' ಎಂದು. ಹುಡುಗಿಯಾಗಿ ಬಂದ ದಿನದಿಂದ ಮೂರು ವರ್ಷ ನನಗೆ ಕೊಟ್ಟ ಕೆಲಸ ಚಿತ್ರದ ಮೇಲಿನ ಧೂಳಿನ ಚುಕ್ಕಿ ತೆಗೆಯುವುದೊಂದೇ. ಆಮೇಲೆ ಕಲಿಸಿದರು. ಕಲಿಸುವಾಗ ಬೈದರು, ನಾನೂ ತಿರುಗಿ ಬೈದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುವುದು. ಮಾವನಿಗೆ ಅದು ಇಷ್ಟ. ಹೌದಪ್ಪ ಅನ್ನುವವರ ಕಣ್ಣು ನಂಬಬೇಡ ಎನ್ನುತ್ತಿದ್ದರು.

ಅಂಥವರ ಹತ್ತಿರ ನಾನು ಎರಡು ವರ್ಷ ಒಂದು ವಿಷಯ ಮುಚ್ಚಿಟ್ಟೆ. ಈ ಕಥೆ ಅದರದ್ದು.

ಮಾವನ ಕೆಲಸ ನೋಡಿದವರಿಗೆ ಮರೆಯುವುದಿಲ್ಲ. ಒಂದು ಮುಖ ತೆರೆದರೆ ಮೊದಲು ಅದರ ಬಣ್ಣವನ್ನೇ ನೋಡುವುದಿಲ್ಲ. ಆ ಮುಖದ ಬೆಳಕನ್ನೇ ಆಯ್ದು ಲೂಮಿನಾಸಿಟಿ ಮಾಸ್ಕ್ ಮಾಡುತ್ತಾರೆ. ಬೆಳಗಿದ್ದಷ್ಟೂ ಬಿಳಿ, ಕತ್ತಲಿದ್ದಷ್ಟೂ ಕಪ್ಪು. ಬಿಳಿಯಿದ್ದಲ್ಲಿ ಮುಂದಿನ ತಿದ್ದುಪಡಿ ಹತ್ತುತ್ತದೆ, ಕಪ್ಪಿದ್ದಲ್ಲಿ ಹತ್ತುವುದಿಲ್ಲ. ಆ ಮಾಸ್ಕ್ ಮಾತ್ರ ಸ್ಕ್ರೀನ್ ತುಂಬ ಇಟ್ಟುಕೊಂಡರೆ ಮಂಜಿನಲ್ಲಿ ಎದ್ದ ಮುಖದಂತೆ ಕಾಣುತ್ತದೆ. ಅದನ್ನು ತಿರುವಿದರೆ ಕತ್ತಲಿನ ಮಾಸ್ಕ್. ಕತ್ತಲನ್ನು ಕತ್ತಲಿನ ಜೊತೆಗೇ ಹಾಯಿಸಿದರೆ ಇನ್ನೂ ಆಳದ ಕತ್ತಲು. ಬೆಳಕೂ ಕತ್ತಲೂ ಎರಡೂ ಕೂಡುವ ಕಡೆ ನಡುಬಣ್ಣ. ಆ ನಡುಬಣ್ಣವನ್ನು ಆಯ್ದಾಗ ಕಂಪ್ಯೂಟರ್ ಒಂದು ಎಚ್ಚರಿಕೆ ಕೊಡುತ್ತದೆ, ಅರ್ಧಕ್ಕಿಂತ ಹೆಚ್ಚು ಆಯ್ಕೆಯಾದದ್ದು ಯಾವುದೂ ಇಲ್ಲ, ಅಂಚು ಕಾಣುವುದಿಲ್ಲ ಎಂದು. ನಿಜ, ಆಯ್ದ ಭಾಗದ ಗಡಿಯ ಮೇಲೆ ಹರಿದಾಡುವ ಚುಕ್ಕೆಗೆರೆಯ ಇರುವೆ ಸಾಲು ಕಾಣುವುದಿಲ್ಲ. ಹೊಸಬರು ಹೆದರಿ ಬಿಟ್ಟುಬಿಡುತ್ತಾರೆ. ಮಾವ ಮಾತ್ರ, "ಕಾಣ್ದಿದ್ರೆ ಇಲ್ಲ ಅಂತಲ್ಲ ಕಣೇ," ಎಂದು ಮುಂದೆ ಹೋಗುತ್ತಾರೆ.

ಆಮೇಲೆ ಕರ್ವ್ಸ್, ಬೆಳಕನ್ನೋ ಬಣ್ಣವನ್ನೋ ಏರಿಸಿ ಇಳಿಸುವ ಬಾಗುಗೆರೆ. ಅದರಲ್ಲಿ ಅವರ ನೇಮ ಒಂದೇ. ಬೆಳಕಿನ ಕರ್ವ್ ಬೆಳಕಷ್ಟನ್ನೇ ತಿದ್ದುವ ಲೂಮಿನಾಸಿಟಿ ಮೋಡಿನಲ್ಲಿ, ಬಣ್ಣದ ಕರ್ವ್ ಬಣ್ಣವಷ್ಟನ್ನೇ ತಿದ್ದುವ ಕಲರ್ ಮೋಡಿನಲ್ಲಿ. ಎರಡನ್ನೂ ಒಂದೇ ಚಮಚದಲ್ಲಿ ಕಲಕಬಾರದು. ಸುಮ್ಮನೆ ನಾರ್ಮಲ್ ಮೋಡಿನಲ್ಲಿ ಬೆಳಕಿನ ಏರಿಳಿತ ಹೆಚ್ಚಿಸಿದರೆ ಕೆನ್ನೆ ಇದ್ದಕ್ಕಿದ್ದಂತೆ ಕೆಂಪಡರುತ್ತದೆ, ಜ್ವರ ಬಂದವರಂತೆ. ಬೇರೆ ಬೇರೆ ಇಟ್ಟರೆ ಎಲ್ಲ ನಮ್ಮ ಕೈಯಲ್ಲಿ.

ಕೊನೆಗೆ ಅವರು ಮಾಡುತ್ತಿದ್ದ ಒಂದು ಕೆಲಸ ಬೇರೆ ಯಾರೂ ಮಾಡುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂತವರ ಮುಖದ ನೆರಳಿನಲ್ಲಿ, ದವಡೆಯ ಕೆಳಗೆ, ಕತ್ತಿನ ಬದಿಯಲ್ಲಿ, ಆಕಾಶದ ನೀಲಿ ಸ್ವಲ್ಪ ಇರುತ್ತದಲ್ಲ, ಬೇರೆಯವರು ಅದನ್ನು ತಪ್ಪೆಂದು ತೊಳೆದುಬಿಡುತ್ತಾರೆ. ಮಾವ ಒಂದು ಹನಿ ಉಳಿಸುತ್ತಿದ್ದರು, ಇಲ್ಲದಿದ್ದರೆ ನೀಲಿಯ ಕರ್ವ್ ಕೂದಲೆಳೆಯಷ್ಟು ಎತ್ತಿ ತಾವೇ ಹಾಕುತ್ತಿದ್ದರು. ಆ ಹನಿಯಿಂದ ಚಿತ್ರದೊಳಗೆ ಗಾಳಿಯಾಡುತ್ತಿತ್ತು. ಅಂಕಿ ನೋಡಿ ಅಲ್ಲ, ಕಣ್ಣಳತೆಯಲ್ಲಿ. ಬಣ್ಣದ ಅಂಕಿ ತೋರಿಸುವ ಚೌಕವನ್ನು ಅವರು ತಮ್ಮ ಸ್ಕ್ರೀನಿನಲ್ಲಿ ತೆರೆದದ್ದನ್ನೇ ನಾನು ಕಂಡಿರಲಿಲ್ಲ.

ಎರಡು ವರ್ಷದ ಹಿಂದೆ ಆ ಹನಿ ಎರಡಾಯಿತು. ಆಮೇಲೆ ಲೋಟವಾಯಿತು. ಉಪ್ಪು ನಾಲಿಗೆಗೆ ಹತ್ತದವರು ಸಾರಿಗೆ ಮತ್ತೆ ಮತ್ತೆ ಉಪ್ಪು ಹಾಕಿದಂತೆ, ಮಾವ ತಮಗೆ ಕಾಣುವವರೆಗೂ ನೀಲಿ ಎತ್ತುತ್ತಿದ್ದರು. ಬೆಳ್ಳಗಿನವರ ಮುಖದಲ್ಲಿ ಅದು ಹೇಗೋ ನಡೆಯುತ್ತಿತ್ತು. ಕಪ್ಪು ಮೈಬಣ್ಣದವರ ಮುಖ ಮುಕ್ಕಾಲು ಪಾಲು ಕತ್ತಲಿನ ಮಾಸ್ಕಿನೊಳಗೇ ಇರುತ್ತದೆ. ಅವರೆಲ್ಲ ಬೂದಿ ಬಳಿದುಕೊಂಡವರಂತೆ ಕಾಣತೊಡಗಿದರು.

ಹೇಳಬೇಕಿತ್ತು. ಹಾಳಾದ ಬಾಯಿ, ಬೇಡದ್ದಕ್ಕೆಲ್ಲ ತೆರೆಯುತ್ತದೆ, ಬೇಕಾದಾಗ ಬೀಗ. ಮಾವನಿಗೆ ಇದ್ದದ್ದೇ ಆ ಕಣ್ಣು. ಅದು ಹೋಯಿತು ಎಂದು ಹೇಳುವುದು ಹೇಗೆ? ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತೆ ಆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಒಂದು ಉಪಾಯ ಮಾಡಿದೆ. ಅವರು ಕೆಲಸ ಮುಗಿಸಿ ಮನೆಗೆ ಹೋದಮೇಲೆ ಫೈಲಿನ ನೆತ್ತಿಯ ಮೇಲೆ ತೆಳುಪದರದಂತೆ ನನ್ನದೊಂದು ಕರ್ವ್ಸ್ ಲೇಯರ್ ಸೇರಿಸುತ್ತಿದ್ದೆ. ಕತ್ತಲಿನ ಮಾಸ್ಕ್ ಹಾಕಿ, ಅಂಕಿ ನೋಡಿಕೊಂಡು, ನೀಲಿಯನ್ನು ಕೆಳಕ್ಕೆ ಎಳೆಯುತ್ತಿದ್ದೆ. ಕಲರ್ ಮೋಡಿನಲ್ಲಿ ಎಂದು ಬೇರೆ ಹೇಳಬೇಕಿಲ್ಲ. ಬೆಳಕು ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಮಾವನಿಗೆ ಗೊತ್ತಾಗಿಬಿಡುತ್ತಿತ್ತು. ಆ ಕಣ್ಣು ಹೋಗಿರಲಿಲ್ಲ, ಹೋದದ್ದು ನೀಲಿಯೊಂದೇ. ಆ ಲೇಯರಿಗೆ 'ಧೂಳು' ಎಂದು ಹೆಸರಿಟ್ಟೆ. ಧೂಳು ತೆಗೆಯುವುದು ನನ್ನ ಕೆಲಸ, ಅದನ್ನು ಯಜಮಾನರು ತೆರೆದು ನೋಡುವುದಿಲ್ಲ.

ಇಷ್ಟೇ ಆಗಿದ್ದರೆ ಚೆನ್ನಿತ್ತು. ಬಾಗಿಲ ಹೊರಗಿನ ಗೂಟದಲ್ಲಿ ಒಂದು ಸ್ವೆಟರ್ ಕೂಡ ಇತ್ತು. ಹೋದ ವರ್ಷದ ಚಳಿಗಾಲ ನನ್ನತ್ತೆ, ಮಾವನ ಹೆಂಡತಿ, ಮೂರು ತಿಂಗಳು ಕೂತು ಮಾವನಿಗಾಗಿ ಹೆಣೆದದ್ದು. ಮಾವ ಅದನ್ನು ಬಿಚ್ಚಿ ನೋಡಿ, "ಚೆನ್ನಾಗಿದೆ, ಆದ್ರೆ ಕರೀದ್ಯಾಕೆ ಹೆಣೆದೆ? ಸಾವಿನ ಮನೆಗೆ ಹೋಗೋಕಾ?" ಎಂದಿದ್ದರು. ಅತ್ತೆ ಏನೂ ಹೇಳಲಿಲ್ಲ. ಆ ಮೇಲೆ ಹೆಣೆಯಲೂ ಇಲ್ಲ. ಅದು ಕರಿಯದಲ್ಲ, ಕಡುನೀಲಿ. ಮದುವೆಯಾದ ಹೊಸದರಲ್ಲಿ ಮಾವ ಇಷ್ಟಪಡುತ್ತಿದ್ದ ನೀಲಿ ಅದು. ನಾನು ಪಕ್ಕದಲ್ಲೇ ನಿಂತಿದ್ದೆ, ನಾನೂ ಏನೂ ಹೇಳಲಿಲ್ಲ. ಮಾವನಿಗೆ ಅಕ್ಷರ ಕಾಣುತ್ತಿತ್ತು, ರಸ್ತೆ ದಾಟಲು ಆಗುತ್ತಿತ್ತು, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ ಎಂದು ಹೇಳಿಕೊಳ್ಳಬಹುದು. ನನ್ನ ಮಟ್ಟಿಗೆ ಅದು ಅರ್ಧ ಸುಳ್ಳು.

ಈ ವರ್ಷ ದೊಡ್ಡ ಕೆಲಸ ತಂದವನು ಉದ್ದಣ್ಣ. ಫೋಟೋಗ್ರಾಫರ್, ನಮ್ಮ ಬಾಗಿಲಿಗೆ ತಲೆ ತಗ್ಗಿಸದೆ ಬರಲಾರದಷ್ಟು ಉದ್ದ. ಬಂದರಿನಲ್ಲಿ ದುಡಿಯುವ ಹೆಂಗಸರ ಮೂವತ್ತಾರು ಭಾವಚಿತ್ರ, ಒಂದು ಪುಸ್ತಕಕ್ಕೆ. ಕ್ರೇನ್ ಓಡಿಸುವವಳು, ಟಿಕೆಟ್ ಹರಿಯುವವಳು, ಬಲೆ ರಿಪೇರಿ ಮಾಡುವವರು, ಹಗ್ಗದ ತುದಿಗೆ ತುದಿ ಹೆಣೆದು ಜೋಡಿಸುವ ಒಬ್ಬ ಹೆಂಗಸು. ಎಲ್ಲರನ್ನೂ ಉತ್ತರದ ಒಂದೇ ಕಿಟಕಿಯ ಪಕ್ಕ ಕೂರಿಸಿ ತೆಗೆದಿದ್ದ. ಎಲ್ಲರಿಗಿಂತ ಕಪ್ಪು ಹಗ್ಗದಮ್ಮ, ಎಲ್ಲರಿಗಿಂತ ಚೆಲುವೆಯೂ ಅವಳೇ.

ಮಾವ ದಿನಕ್ಕೊಂದು ಮುಖ ಮುಗಿಸಿದರು. ನಾನು ಸಂಜೆಗೊಂದು ಧೂಳು ಸೇರಿಸಿದೆ. ಮೂವತ್ತು ಆದಾಗ ಉದ್ದಣ್ಣ ಬಂದು, ಐದು ನಿಮಿಷ ಕಣ್ಣು ತೊಳೆದುಕೊಂಡು, ಒಂದೊಂದಾಗಿ ನೋಡಿದ.

"ಚೆನ್ನಾಗಿದೆ ಯಜಮಾನ್ರೇ. ಒಂದು ತಪ್ಪು ತೋರ್ಸೋಕಾಗಲ್ಲ." ಮತ್ತೊಮ್ಮೆ ಮೊದಲ ಮುಖಕ್ಕೆ ಹೋಗಿ ಸೇರಿಸಿದ, "ಆದ್ರೆ ಕಿಟಕಿ ಯಾರೋ ಮುಚ್ಚಿದ ಹಾಗಿದೆ. ನನಗೇ ಹಾಗನ್ಸುತ್ತೋ ಏನೋ."

"ನಿನ್ನ ಕಿಟಕಿ, ನೀನೇ ಮುಚ್ಚಿರ್ತೀಯ," ಎಂದರು ಮಾವ. ನಾನು ತಲೆಯೆತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ನಾನು.

ಆಮೇಲೆ ನನಗೆ ಜ್ವರ ಬಂತು. ಆರು ದಿನ ಮೈಮೇಲೆ ಎಚ್ಚರವಿಲ್ಲ. ಆ ಜ್ವರದಲ್ಲಿ ಕಂಡ ಮುಖಗಳೆಲ್ಲ ಮಾಸ್ಕ್‌ಗಳೇ. ಬಿಳಿ ಹಣೆ, ಕಪ್ಪು ಕಣ್ಣುಗುಳಿ, ಬಣ್ಣವೇ ಇಲ್ಲದ ಅಮ್ಮ, ಬಣ್ಣವೇ ಇಲ್ಲದ ನನ್ನ ಕೈ. ಯಾರೋ ನನ್ನನ್ನು ಅರ್ಧಕ್ಕಿಂತ ಕಡಿಮೆ ಆಯ್ದುಕೊಂಡಿದ್ದಾರೆ, ಆದ್ದರಿಂದ ನನ್ನ ಅಂಚು ಕಾಣುತ್ತಿಲ್ಲ ಎಂದು ಗಂಡನ ಹತ್ತಿರ ಹೇಳಿದೆನಂತೆ. ಅವನು ಹಣೆಯ ಒದ್ದೆ ಬಟ್ಟೆ ಬದಲಿಸಿದನಂತೆ. ಆ ಆರು ದಿನದಲ್ಲಿ ಮಾವ ಉಳಿದ ಆರು ಚಿತ್ರ ಮುಗಿಸಿ ತಾವೇ ನೇರ ಪ್ರೆಸ್ಸಿಗೆ ಕಳಿಸಿದರು.

ಏಳನೆಯ ದಿನ ನಾನು ಕೋಣೆಗೆ ಹೋದಾಗ ಉದ್ದಣ್ಣ ಆಗಲೇ ಬಂದಿದ್ದ. ಕೈಯಲ್ಲಿ ಪ್ರೂಫ್ ಹಾಳೆಗಳು. ಅಂದು ಕಣ್ಣು ತೊಳೆಯುವ ಹೊತ್ತು ಯಾರಿಗೂ ಬೇಕಾಗಲಿಲ್ಲ. ಹಾಳೆಗಳನ್ನು ನೋಡುವ ದೀಪದ ಕೆಳಗೆ ಹರಡಿದ. ಮೂವತ್ತು ಮುಖ ಸರಿ. ಆರು ಮುಖ ಬೂದಿ. ಆರನೆಯದು ಹಗ್ಗದಮ್ಮ.

"ಅವರಿಗೆ ತೋರಿಸ್ದೆ," ಎಂದ ಉದ್ದಣ್ಣ. ದನಿ ಏರಿಸಲಿಲ್ಲ, ಅದೇ ಕಷ್ಟವಾದದ್ದು. "ಹಾಳೆ ಪಕ್ಕ ಕೈ ಇಟ್ಟು ನೋಡ್ಕೊಂಡ್ರು. 'ಸತ್ತಮೇಲೆ ತೆಗೆದಿದ್ದಾ?' ಅಂದ್ರು. ಅಷ್ಟೇ ಅಂದಿದ್ದು. ಯಜಮಾನ್ರೇ, ಮೂವತ್ತು ಮಾಡಿದ ಕೈಯೇ ಇದನ್ನೂ ಮಾಡಿದ್ದು. ಏನಾಯ್ತು?"

ಮಾವ ಹಾಳೆಯನ್ನು ಎತ್ತಿ ಹತ್ತಿರ ಹಿಡಿದರು, ದೂರ ಹಿಡಿದರು. "ಏನಾಗಿದೆ? ಸರಿಯಾಗೇ ಇದೆಯಲ್ಲ."

ಉದ್ದಣ್ಣ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಪ್ರೆಸ್ಸಿನವರಿಂದ ಹತ್ತು ದಿನ ಕೇಳಿ ತರುತ್ತೇನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಹೇಳಿ, ತಲೆ ತಗ್ಗಿಸಿ ಬಾಗಿಲು ದಾಟಿ ಹೋದ.

"ಹಗ್ಗದಮ್ಮನ ಫೈಲ್ ತೆಗಿ," ಎಂದರು ಮಾವ. "ಅದರ ಪಕ್ಕ ಕ್ರೇನ್ ಓಡಿಸೋಳದ್ದು ತೆಗಿ. ಅವಳೂ ಕಪ್ಪೇ, ಅದು ಸರಿಯಾಗಿದೆ ಅಂತಾನಲ್ಲ. ಎರಡಕ್ಕೂ ಏನು ವ್ಯತ್ಯಾಸ ನೋಡೋಣ."

"ನಾನು ನೋಡ್ತೀನಿ ಬಿಡಿ ಮಾವ, ಒಂದು ಗಂಟೆ ಕೆಲಸ," ಎಂದೆ.

"ತೆಗಿ ಅಂದೆ."

ಎರಡೂ ಫೈಲು ಅಕ್ಕಪಕ್ಕ ನಿಂತವು. ಮಾವ ಲೇಯರ್‌ಗಳ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಂಡು ಹೋದರು. ಎರಡರಲ್ಲೂ ಒಂದೇ ಕ್ರಮ, ಒಂದೇ ಹೆಸರು. ಕ್ರೇನಿನವಳ ಫೈಲಿನಲ್ಲಿ ಮಾತ್ರ ನೆತ್ತಿಯ ಮೇಲೆ ಒಂದು ಹೆಚ್ಚಿತ್ತು.

"ಧೂಳು ಮೇಲ್ಯಾಕೆ ಇದೆ? ಧೂಳು ತೆಗೆಯೋದು ಎಲ್ಲಕ್ಕಿಂತ ಕೆಳಗಲ್ವಾ? ಅದೂ ಕರ್ವ್ಸ್ ಲೇಯರಲ್ಲಿ?" ಅವರ ಬೆರಳು ನಿಂತಿತು. "ಕರ್ವ್‌ನಲ್ಲಿ ಧೂಳು ತೆಗೆಯೋದು ಎಲ್ಲಿ ಕಲಿತೆ ಚುಕ್ಕಿ?"

ಮಾವ ಆ ಲೇಯರಿನ ಪಕ್ಕದ ಕಣ್ಣಿನ ಗುರುತನ್ನು ಒತ್ತಿದರು. ಕ್ರೇನಿನವಳ ಕೆನ್ನೆ ನನ್ನೆದುರೇ ಬೂದಿಯಾಯಿತು. ಮತ್ತೆ ಒತ್ತಿದರು, ಜೀವ ಬಂತು. ಒತ್ತಿದರು, ಹೋಯಿತು. ಮಾವ ಸ್ಕ್ರೀನಿಗೆ ಇನ್ನೂ ಹತ್ತಿರ ಬಾಗಿದರು.

"ಏನೂ ಆಗ್ಲಿಲ್ವಲ್ಲೇ," ಎಂದರು. "ಖಾಲಿ ಲೇಯರ್ ಯಾಕೆ ಇಟ್ಟಿದ್ದೀಯ?"

ಆಗ ನನಗೆ ಅಳು ತಡೆಯಲಾಗಲಿಲ್ಲ. ಮೂಗು ಒರೆಸಿಕೊಳ್ಳುತ್ತ ಅವರ ಸ್ಕ್ರೀನಿನಲ್ಲಿ ಅಂಕಿಯ ಚೌಕ ತೆರೆದು, ಕೆನ್ನೆಯ ನೆರಳಿನ ಮೇಲೆ ಗುರುತು ನೆಟ್ಟು, "ಈಗ ಒತ್ತಿ," ಎಂದೆ. ಲೇಯರ್ ಇದ್ದಾಗ ಕೆಂಪು ತೊಂಬತ್ತನಾಲ್ಕು, ಹಸಿರು ಅರವತ್ತಾರು, ನೀಲಿ ಐವತ್ತೆರಡು. ಇಲ್ಲದಾಗ ತೊಂಬತ್ತೆರಡು, ಅರವತ್ತನಾಲ್ಕು, ಎಪ್ಪತ್ತು. ಮಾವ ಒತ್ತುತ್ತ ಹೋದರು. ಐವತ್ತೆರಡು, ಎಪ್ಪತ್ತು. ಐವತ್ತೆರಡು, ಎಪ್ಪತ್ತು. ಮೂವತ್ತು ಫೈಲೂ ತೆರೆಸಿದರು. ಮೂವತ್ತರಲ್ಲೂ ಧೂಳಿತ್ತು.

"ಎಷ್ಟು ದಿನದಿಂದ?"

"ಎರಡು ವರ್ಷ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಬದುಕುತ್ತಿದ್ದೆ. ಅವರು ಎದ್ದು ಕಿಟಕಿಯ ದಪ್ಪ ಬಟ್ಟೆ ಸರಿಸಿದರು. ಹದಿನೆಂಟು ವರ್ಷದಲ್ಲಿ ಹಗಲು ಹೊತ್ತು ಆ ಕೋಣೆಗೆ ಬಿಸಿಲು ಬಂದದ್ದು ಅದೇ ಮೊದಲು. ಬೂದು ಗೋಡೆಯಲ್ಲಿ ಇಷ್ಟೊಂದು ಗೀರುಗಳಿವೆ ಎಂದು ನಾನೂ ನೋಡಿರಲಿಲ್ಲ.

"ಆ ಆರು ಫೈಲು ನೀನು ಮುಟ್ಟಬೇಡ," ಎಂದರು. "ಕಣ್ಣು ತೋರಿಸ್ಕೊಂಡು ಬರ್ತೀನಿ. ಕಂಡರೆ ನಾನೇ ಮಾಡ್ತೀನಿ. ಕಾಣದಿದ್ರೆ ಕೋಣೆ ಮುಚ್ತೀನಿ. ಇನ್ನೊಬ್ಬರ ಕಣ್ಣಲ್ಲಿ ನಾನು ಕೆಲಸ ಮಾಡಲ್ಲ."

ಎರಡೂ ಕಣ್ಣಿಗೆ ಪೊರೆ. ಕಣ್ಣಿನ ಡಾಕ್ಟರಮ್ಮ ದೀಪ ಹಿಡಿದು ನೋಡಿ, ಇದು ನಿನ್ನೆ ಮೊನ್ನೆಯದಲ್ಲ, ಹಳದಿಗೆ ತಿರುಗಿ ಈಗ ಕಂದು ಬಣ್ಣವಾಗಿದೆ, ನೀಲಿ ಒಳಕ್ಕೇ ಹೋಗುತ್ತಿಲ್ಲ ಎಂದರು. ಬಲಗಣ್ಣಿಗೆ ಮೂರನೆಯ ದಿನ ಆಪರೇಷನ್, ಎಡಗಣ್ಣಿಗೆ ಒಂದು ತಿಂಗಳು ಬಿಟ್ಟು. ಅತ್ತೆ ಜೊತೆಗೆ ಹೋದರು. ನನ್ನನ್ನು ಕರೆಯಲಿಲ್ಲ. ನಾನು ಆ ದಿನಗಳಲ್ಲಿ ಕೋಣೆಗೆ ಹೋಗಿ, ಬೂದು ಅಂಗಿ ತೊಟ್ಟು, ಸ್ಕ್ರೀನ್ ಹಚ್ಚದೆ ಕೂರುತ್ತಿದ್ದೆ. ಐದು ನಿಮಿಷದ ಬದಲು ಇಡೀ ಬೆಳಿಗ್ಗೆ ಕಣ್ಣು ತೊಳೆದೆ. ಕೋಣೆ ಮುಚ್ಚಿದರೆ ಇನ್ನೊಂದು ಕಡೆ ಕೆಲಸ ಸಿಗುತ್ತದೆ, ಅದಲ್ಲ ಭಯ. ಮಾವ ನನ್ನೊಡನೆ ಮಾತು ಬಿಟ್ಟಿದ್ದರು.

ಒಂಬತ್ತನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯಿತು. ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಮಾವ ತಮ್ಮ ಕುರ್ಚಿಯಲ್ಲಿ ಕೂತರು. ಐದು ನಿಮಿಷ.

ಆಮೇಲೆ ಅವರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿದರು. ಬಿಟ್ಟು ಬಲಗಣ್ಣು ಮುಚ್ಚಿದರು. ಮತ್ತೆ ಎಡ. ಮಕ್ಕಳಾಟದಂತೆ ತುಂಬ ಹೊತ್ತು ಹಾಗೇ ಆಡಿದರು.

"ಈ ಕಣ್ಣಲ್ಲಿ ಬೆಳಿಗ್ಗೆ," ಎಂದರು ನಿಧಾನವಾಗಿ. "ಈ ಕಣ್ಣಲ್ಲಿ ಸಂಜೆ. ನಾನು ನಡುವೆ ಕೂತಿದ್ದೀನಿ ಕಣೇ. ಎರಡು ದಿನದಿಂದ ಮನೇಲಿ ಇದೇ ಕೆಲಸ. ಹಾಲು ಆ ಕಣ್ಣಿಗೆ ಚಹಾ, ಈ ಕಣ್ಣಿಗೆ ಹಾಲು."

ನನಗೆ ನಗು ಬಂತು, ಅಳುವೂ ಬಂತು. ಮಾವ ನಗಲಿಲ್ಲ. ಹಗ್ಗದಮ್ಮನನ್ನು ತೆರೆಯಲು ಹೇಳಿದರು. ಬಲಗಣ್ಣಲ್ಲಿ ನೋಡಿದರು.

"ಅಯ್ಯೋ. ಈ ತಾಯಿಗೆ ಎಂಥಾ ಅನ್ಯಾಯ ಮಾಡಿಬಿಟ್ಟಿದ್ದೀನಿ," ಎಂದರು.

ನೀಲಿಯ ಕರ್ವನ್ನು ಅವರೇ ಕೆಳಗಿಳಿಸಿದರು. ಇಳಿಸಿ, ಕೈ ತೆಗೆದು, ಕ್ರೇನಿನವಳನ್ನು ಪಕ್ಕಕ್ಕೆ ಕರೆದರು. ನನ್ನ ಧೂಳು ಲೇಯರನ್ನು ಹಚ್ಚಿ ನೋಡಿದರು, ಆರಿಸಿ ನೋಡಿದರು. ಈ ಸಲ ಅವರಿಗೆ ಕಾಣುತ್ತಿತ್ತು. ಪ್ರತಿ ಸಲ ಹುಬ್ಬು ಅಲುಗುತ್ತಿತ್ತು.

"ನಿನ್ನ ಅಂಕಿ ಸರಿಯಾಗಿದೆ ಚುಕ್ಕಿ. ಆದ್ರೆ ನೋಡು, ಕೆನ್ನೆ ಮೇಲೆ ನೆರಳು ಯಾಕಿದೆ?"

"ಬೆಳಕು ಆ ಕಡೆಯಿಂದ ಬಂದಿದೆ, ಅದಕ್ಕೆ."

"ದವಡೆ ಕೆಳಗೆ?"

ನೋಡಿದೆ. ದವಡೆಯ ಕೆಳಗಿನ ನೆರಳೂ ಅಷ್ಟೇ ಕತ್ತಲು, ಕೆನ್ನೆಯ ನೆರಳಿನಷ್ಟೇ. ಆದರೆ ಅಲ್ಲಿಗೆ ಕಿಟಕಿಯ ಆಕಾಶ ಎಟುಕುತ್ತಿತ್ತು. ಅಲ್ಲಿ ನೀಲಿ ತಪ್ಪಲ್ಲ, ಅದು ಕಿಟಕಿ. ನನ್ನ ಮಾಸ್ಕ್ ಎರಡನ್ನೂ ಒಂದೇ ಎಂದು ಎಣಿಸಿ ಎರಡರಿಂದಲೂ ನೀಲಿ ತೊಳೆದುಹಾಕಿತ್ತು. ಮೂವತ್ತು ಮುಖದಲ್ಲೂ.

"ಮಾಸ್ಕ್‌ಗೆ ಎಷ್ಟು ಕತ್ತಲು ಅಂತ ಗೊತ್ತು. ಯಾಕೆ ಕತ್ತಲು ಅಂತ ಗೊತ್ತಿಲ್ಲ," ಎಂದರು ಮಾವ. "ಅದನ್ನ ನಾವು ಹೇಳಬೇಕು. ನಾನು ಲೋಟಗಟ್ಟಲೆ ಸುರಿದೆ, ನೀನು ಒಂದು ಹನಿನೂ ಬಿಡದೆ ಒರೆಸಿದೆ. ಪಾಪ ಆ ಉದ್ದಣ್ಣ, ಕಿಟಕಿ ಮುಚ್ಚಿದೆ ಅಂತ ಸರಿಯಾಗೇ ಹೇಳಿದ್ದ. ನಾನು ಅವನನ್ನೇ ಬೈದೆ."

ಆಮೇಲೆ ಮಾಡಿದ ಕೆಲಸ ನನಗೆ ಕನಸಿನಂತೆ ನೆನಪಿದೆ, ಆದರೆ ಒಂದೊಂದು ಹೆಜ್ಜೆಯೂ ಕಣ್ಣ ಮುಂದಿದೆ. ಧೂಳು ಲೇಯರನ್ನು ಒಂದು ಗ್ರೂಪಿನೊಳಗೆ, ಲೇಯರುಗಳನ್ನಿಡುವ ಚೀಲದಂಥದ್ದರೊಳಗೆ, ಹಾಕಿಸಿದರು. ಲೇಯರಿಗೆ ಕತ್ತಲಿನ ಮಾಸ್ಕ್ ಹಾಗೇ ಇರಲಿ, ಗ್ರೂಪಿಗೆ ಇನ್ನೊಂದು ಮಾಸ್ಕ್, ಅದು ಬರೀ ಬಿಳಿ. ಆ ಬಿಳಿಯ ಮೇಲೆ ಮೆದು ಕುಂಚದಿಂದ, ಹತ್ತರಲ್ಲಿ ಒಂದು ಪಾಲಿನ ಬಲದಲ್ಲಿ, ಕಪ್ಪನ್ನು ನನ್ನ ಕೈಯಿಂದಲೇ ಹಚ್ಚಿಸಿದರು. ದವಡೆಯ ಕೆಳಗೆ ಎರಡು ಸಲ, ಕತ್ತಿನ ಬದಿಗೆ ಮೂರು ಸಲ, ಕಿವಿಯ ಹಿಂದೆ ಒಂದು ಸಲ. ಎರಡು ಮಾಸ್ಕ್ ಒಂದರ ಮೇಲೊಂದು ಕೂತು, ಒಂದು ಎಷ್ಟು ಕತ್ತಲು ಎಂದಿತು, ಇನ್ನೊಂದು ಯಾಕೆ ಕತ್ತಲು ಎಂದಿತು. ಕೆನ್ನೆ ಬೆಚ್ಚಗೆ ಉಳಿಯಿತು, ದವಡೆಯ ಕೆಳಗೆ ನೀಲಿ ಮೆಲ್ಲಗೆ ಮರಳಿತು. ಕ್ರೇನಿನವಳ ಪಕ್ಕದಲ್ಲಿ ಯಾರೋ ಕಿಟಕಿ ತೆರೆದರು.

"ಸಾಕು," ಎಂದರು ಮಾವ ಬಲಗಣ್ಣಲ್ಲಿ ನೋಡಿ. ಎಡಗಣ್ಣಲ್ಲಿ ನೋಡಿ, "ಇಲ್ಲಿ ಇನ್ನೂ ಏನೂ ಇಲ್ಲ," ಎಂದರು.

ಮಧ್ಯಾಹ್ನದೊಳಗೆ ಹಗ್ಗದಮ್ಮ ಮುಗಿದಳು. ಅವಳ ಮೈಬಣ್ಣ ಒಂದು ಕೂದಲೆಳೆಯೂ ಬೆಳ್ಳಗಾಗಲಿಲ್ಲ. ಬೆಳಕಿನ ಕರ್ವನ್ನು ಮಾವ ಮುಟ್ಟಲೇ ಇಲ್ಲ. ಬೂದಿ ಹೋಗಿ ಒಳಗಿನ ಕೆಂಪು ಮೇಲೆದ್ದಿತು, ಅಷ್ಟೇ. ಉಳಿದವರಿಗೂ ಅದೇ ದಾರಿ. ಮಾವ ನೋಡುವುದು, ನಾನು ಹಚ್ಚುವುದು. ಎಷ್ಟೊತ್ತಾದರೂ ಅವರು ನನ್ನ ಎರಡು ವರ್ಷದ ಮಾತೆತ್ತಲಿಲ್ಲ. ನನಗೇ ತಡೆಯಲಾಗಲಿಲ್ಲ.

"ಮಾವ, ನಿಮಗೆ ನೋವಾಗಬಾರದು ಅಂತ..."

"ಗೊತ್ತು." ಅವರು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. "ಆಪರೇಷನ್ನು ಅರ್ಧ ಗಂಟೆ ಕಣೇ. ನೋವೂ ಇಲ್ಲ. ಎರಡು ವರ್ಷದ ಹಿಂದೆ ನೀನು ಒಂದು ಮಾತು ಅಂದಿದ್ರೆ, ಎರಡು ವರ್ಷದಿಂದ ನನಗೆ ಬೆಳಿಗ್ಗೆ ಇರ್ತಿತ್ತು. ನೀನು ಫೈಲು ಸರಿಮಾಡಿದೆ. ನಿನ್ನತ್ತೆಗೂ ಅನುಮಾನ ಇತ್ತಂತೆ, ಅವಳೂ ಸುಮ್ಮನಾದಳು. ಎಲ್ಲರೂ ಸೇರಿ ನನ್ನನ್ನ ಎಷ್ಟು ಜೋಪಾನವಾಗಿ ಸಂಜೆಯಲ್ಲಿ ಇಟ್ಟಿದ್ರಿ."

ಬೈಗುಳ ಅಲ್ಲ ಅದು. ಬೈಗುಳವಾಗಿದ್ದರೆ ನಾನೂ ತಿರುಗಿ ಒಂದು ಮಾತಾಡುತ್ತಿದ್ದೆ. ಪ್ರೀತಿಯಿಂದಲೇ ಒಬ್ಬರಿಗೆ ಮೋಸ ಮಾಡಬಹುದು ಎಂದು ನನಗೆ ಆವತ್ತು ಗೊತ್ತಾಯಿತು, ಗೊತ್ತಾಗಿ ಬಹಳ ನಾಚಿಕೆಯಾಯಿತು.

"ತಪ್ಪಾಯ್ತು ಮಾವ," ಎಂದೆ.

"ಹ್ಞೂಂ. ಕುಂಚ ಹಿಡಿ. ಇನ್ನೂ ಇಪ್ಪತ್ತಾರು ಕಿಟಕಿ ತೆಗೀಬೇಕು."

ಹತ್ತನೆಯ ದಿನ ಸಂಜೆಗೆ ಮೂವತ್ತಾರೂ ಪ್ರೆಸ್ಸಿಗೆ ಹೋದವು. ಕಳಿಸುವ ಮೊದಲು ಮಾವ ಆ ಮೂವತ್ತು ಫೈಲನ್ನು ಒಂದೊಂದಾಗಿ ತೆರೆದು 'ಧೂಳು' ಎಂಬ ಹೆಸರು ಅಳಿಸಿ 'ಚುಕ್ಕಿ' ಎಂದು ಬರೆದರು. ಮುಂದಿನ ವಾರ ಹೊಸ ಪ್ರೂಫ್ ಹಗ್ಗದಮ್ಮನಿಗೆ ಹೋಯಿತು. ಮತ್ತೆ ಹಾಳೆಯ ಪಕ್ಕ ಕೈಯಿಟ್ಟು ನೋಡಿ, ತುಂಬ ಹೊತ್ತು ಕೈ ತೆಗೆಯಲೇ ಇಲ್ಲವಂತೆ. ಉದ್ದಣ್ಣ ಇದನ್ನು ಹೇಳುವಾಗ ಬಾಗಿಲಿಗೆ ತಲೆ ತಗ್ಗಿಸುವುದನ್ನು ಮರೆತು ಹಣೆ ಬಡಿಸಿಕೊಂಡ.

ಅದರ ಮರುದಿನ ಬೆಳಿಗ್ಗೆ ನಾನು ಮೊದಲು ಬಂದು ಕೂತಿದ್ದೆ. ಬಾಗಿಲ ಹೊರಗೆ ಮಾವನ ಹೆಜ್ಜೆ ನಿಂತದ್ದು ಕೇಳಿತು. ಗೂಟದ ಮುಂದೆ ತುಂಬ ಹೊತ್ತು ನಿಂತಿದ್ದರು. ಎಡಗಣ್ಣು ಮುಚ್ಚಿಕೊಂಡಿದ್ದರೋ ಏನೋ, ನಾನು ನೋಡಲಿಲ್ಲ. ಆಮೇಲೆ ಫೋನಿನಲ್ಲಿ ಮಾತು ಕೇಳಿತು.

"ಏ ಇವಳೇ, ಇದು ನೀಲಿ ಅಲ್ವಾ... ಯಾವುದಂದ್ರೆ? ಸ್ವೆಟರು... ಹೌದು, ಈಗ ಕಾಣ್ತಿದೆ... ಇಲ್ಲ, ಅಳ್ತಿಲ್ಲ, ಕಣ್ಣಿಗೆ ಮದ್ದು ಬಿಟ್ಟಿದ್ದೀನಿ."

ಒಳಗೆ ಬಂದಾಗ ಬೂದು ಅಂಗಿಯ ಮೇಲೆ ಆ ಸ್ವೆಟರ್ ಇತ್ತು. ಸೆಖೆಯ ದಿನ. ಕತ್ತಿನವರೆಗೂ ಗುಂಡಿ ಹಾಕಿಕೊಂಡಿದ್ದರು. ಕುರ್ಚಿಯಲ್ಲಿ ಕೂತರು. ಐದು ನಿಮಿಷ ಆಯಿತು. ಹತ್ತು ಆಯಿತು. ಸ್ಕ್ರೀನಿನ ಕಪ್ಪು ಗಾಜಿನಲ್ಲಿ ಒಬ್ಬ ಕಡುನೀಲಿ ಮನುಷ್ಯ ಕಣ್ಣು ಅರೆಮುಚ್ಚಿ ಕೂತಿದ್ದ. ಅದು ಎಷ್ಟು ಚೆನ್ನಾಗಿತ್ತು ಎಂದರೆ ಹಾಗೇ ಬಿಟ್ಟುಬಿಡೋಣ, ಇವತ್ತೊಂದು ದಿನ ಸುಮ್ಮನಿರೋಣ ಎಂದು ನಾಲಿಗೆ ಹಿಂದೆಳೆಯಿತು. ನಾನು ಸ್ಕ್ರೀನ್ ಹಚ್ಚಿದೆ. ಹೊಸ ಕೆಲಸದ ಮೊದಲ ಮುಖ ಎದ್ದಿತು, ಅದರ ನೆರಳಿನ ಮೇಲೆ ಉಣ್ಣೆಯ ನೀಲಿ ಮಸುಕಾಗಿ ಕವಿದಿತ್ತು.

"ಮಾವ, ಸ್ವೆಟರ್ ತೆಗೀರಿ," ಎಂದೆ. "ಸ್ಕ್ರೀನಿಗೆ ನೀಲಿ ಬೀಳ್ತಿದೆ."

ಮಾವ ತಿರುಗಿ, ಎಡಗಣ್ಣು ಮುಚ್ಚಿಕೊಂಡು ಬಲಗಣ್ಣಲ್ಲಿ ನನ್ನನ್ನು ನೋಡಿದರು. ಆಮೇಲೆ ಒಂದೊಂದಾಗಿ ಗುಂಡಿ ಬಿಚ್ಚಿದರು.